ಸ್ಲೈಡಿಂಗ್ ಕಿಟಕಿಯ ಬೇರಿಂಗ್ ಜಾಮ್: ಶಟರ್ ಸರಿಯುವುದೂ ಇಲ್ಲ, ಎತ್ತಿದರೆ ಬರುವುದೂ ಇಲ್ಲ

ಕಡಲಮನೆ (ಕುಂಬಳೆ) · ಮೇ 11, ರಾತ್ರಿ
ನಮಸ್ಕಾರ. ಮನೆ ಕುಂಬಳೆಯಲ್ಲಿ, ಕಡಲಿಂದ ಅರ್ಧ ಕಿಲೋಮೀಟರ್ ಕೂಡ ಇಲ್ಲ. 2011ರಲ್ಲಿ ಕಟ್ಟಿಸಿದ್ದು. ಮಲಗುವ ಕೋಣೆಗೆ ಆರು ಅಡಿ ಅಗಲ, ನಾಲ್ಕು ಅಡಿ ಎತ್ತರದ ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿ. ಮೂರು ಟ್ರ್ಯಾಕ್. ಕೋಣೆಯ ಕಡೆಗೆ ಸೊಳ್ಳೆ ನೆಟ್, ಆಮೇಲೆ ಎರಡು ಗಾಜಿನ ಶಟರ್, ಹೊರಗೆ ಕಬ್ಬಿಣದ ಗ್ರಿಲ್.

ನಡುವಿನ ಟ್ರ್ಯಾಕಿನ ಶಟರ್ ನಾಲ್ಕು ಬೆರಳಷ್ಟು ತೆರೆದು ಅಲ್ಲೇ ನಿಂತಿದೆ. ಮುಚ್ಚುವುದೂ ಇಲ್ಲ, ತೆರೆಯುವುದೂ ಇಲ್ಲ. ಜೋರಾಗಿ ದೂಡಿದರೆ ಮೇಲಿನ ಭಾಗ ಮಾತ್ರ ಓರೆಯಾಗುತ್ತದೆ, ಕೆಳಗೆ ಕರ್ ಅಂತ ಶಬ್ದ. ಬೇರಿಂಗ್ ಹೋಗಿದೆ ಅಂತ ಗೊತ್ತು. ಬದಲಿಸಲು ಶಟರನ್ನು ಎತ್ತಿ ಹೊರಗೆ ತೆಗೆಯಬೇಕು ಅಂತಲೂ ಗೊತ್ತು. ನಾನು ಮತ್ತು ತಮ್ಮ ಸೇರಿ ಎತ್ತಿ ನೋಡಿದೆವು. ಸ್ವಲ್ಪ ಏಳುತ್ತದೆ, ಆಮೇಲೆ ಟಕ್ ಅಂತ ನಿಲ್ಲುತ್ತದೆ. ಬೇರಿಂಗ್ ಟ್ರ್ಯಾಕಿಗೆ ಕಚ್ಚಿಕೊಂಡು ಎತ್ತಲು ಬಿಡುತ್ತಿಲ್ಲ ಅಂತ ಕಾಣುತ್ತದೆ. ಫ್ಯಾಬ್ರಿಕೇಶನ್‌ನವರು ಮೂರು ವಾರದಿಂದ "ನಾಳೆ ಬರುತ್ತೇವೆ" ಅನ್ನುತ್ತಿದ್ದಾರೆ. ಪತ್ತನಾಜೆಗೆ ಇನ್ನು ಎರಡು ವಾರ ಇಲ್ಲ. ಮಳೆ ಶುರುವಾದರೆ ಹಾಸಿಗೆ ಒದ್ದೆ. ಯಾರಾದರೂ ಸ್ವಂತ ಕೈಯಲ್ಲಿ ಮಾಡಿದವರು ಇದ್ದೀರಾ?

ಪೆರ್ಲದ ಭಾವ
ತೆಂಗಿನೆಣ್ಣೆ ಬಿಟ್ಟು ಒಂದು ರಾತ್ರಿ ಇಡಿ. ಬೆಳಿಗ್ಗೆ ಬೆಣ್ಣೆ ಹಾಗೆ ಸರಿಯುತ್ತದೆ. ನಮ್ಮಲ್ಲಿ ಎಲ್ಲ ಕಿಟಕಿಗೂ ಅದೇ.

ಅಕ್ಕಲಕೋಟೆ ಪಾಟೀಲ
ಕಿಟಕಿಗೆ ಎಣ್ಣೆಸ್ನಾನ. ದೀಪಾವಳಿ ಬೇಗ ಬಂತು.

ತಾಳವಾಡಿ ರಾಜು
ಶಟರ್ ಜಾಮ್ ಅಂದರೆ ಮೊದಲು ಸ್ಪ್ರಿಂಗ್ ನೋಡಬೇಕು ಸಾರ್. ನಮ್ಮ ಅಂಗಡಿ ಶಟರ್ ಹೀಗೇ ಅರ್ಧದಲ್ಲಿ ನಿಂತಿತ್ತು. ಮೇಲಿನ ಪೈಪ್ ಒಳಗೆ ಸ್ಪ್ರಿಂಗ್ ತುಂಡಾಗಿತ್ತು. ಗ್ರೀಸ್ ಹಚ್ಚಿ, ಇಬ್ಬರು ಎತ್ತಿ ಹಿಡಿದು…

ಕಡಲಮನೆ
ರಾಜಣ್ಣ, ಅಂಗಡಿಯ ಸುತ್ತುವ ಶಟರ್ ಅಲ್ಲ. ಕಿಟಕಿಯ ಗಾಜಿನ ಬಾಗಿಲಿಗೆ ನಮ್ಮ ಕಡೆ ಶಟರ್ ಅನ್ನುತ್ತೇವೆ.

ತಾಳವಾಡಿ ರಾಜು
ಓ, ಸರಿ ಸರಿ. ನಾನು ಸುಮ್ನೆ ಅರ್ಧ ಪುಟ ಬರೆದುಬಿಟ್ಟೆ. ಇರಲಿ, ಓದುತ್ತಿರುತ್ತೇನೆ.

ಉಪ್ಪಳ ಮಾಮ
ನಾನು ಶಾರ್ಜಾದಲ್ಲಿ ಇದೇ ಕೆಲಸ ಮಾಡಿ, ಊರಿಗೆ ಬಂದು ಉಪ್ಪಳದಲ್ಲೂ ಕೆಲವು ವರ್ಷ ಮಾಡಿದವನು. ಈಗ ಬೆನ್ನುನೋವು, ಕೆಲಸ ಬಿಟ್ಟಿದ್ದೇನೆ. ಬಾಯಿ ಮಾತ್ರ ಬಿಟ್ಟಿಲ್ಲ.

ಒಂದು ವಿಷಯ ಮೊದಲು ಸರಿ ಮಾಡಿಕೊಳ್ಳಿ. ಬೇರಿಂಗ್ ಜಾಮ್ ಆದರೆ ಶಟರ್ ಸರಿಯುವುದು ನಿಲ್ಲುತ್ತದೆ, ಏಳುವುದು ನಿಲ್ಲುವುದಿಲ್ಲ. ಬೇರಿಂಗ್ ಹಳಿಯ ಮೇಲೆ ಸುಮ್ನೆ ಕೂತಿರುತ್ತದೆ, ಅದನ್ನು ಯಾರೂ ಅಲ್ಲಿ ಕಟ್ಟಿ ಹಾಕಿರುವುದಿಲ್ಲ. ಉಪ್ಪು ಗಾಳಿಗೆ ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ ಹತ್ತಿ ಅಂಟಿದ್ದರೂ ಒಂದು ಸಣ್ಣ ಏಟಿಗೆ ಬಿಡುತ್ತದೆ. ನಿಮ್ಮದು ಅಂಟಿಲ್ಲ. ಸ್ವಲ್ಪ ಎದ್ದು, ಆಮೇಲೆ ಟಕ್ ಅಂತ ನಿಂತಿದೆ. ಅಂದರೆ ತಡೆ ಕೆಳಗಿಲ್ಲ, ಮೇಲೆ ಇದೆ.

ಮೇಲೆ ಎರಡರಲ್ಲಿ ಒಂದು. ಒಂದೋ ಕಳ್ಳರು ಎತ್ತಿ ತೆಗೆಯಬಾರದು ಅಂತ ಫಿಟ್ ಮಾಡಿದವರು ಸ್ಟಾಪರ್ ಹಾಕಿದ್ದಾರೆ. ಇಲ್ಲವಾದರೆ ಮೇಲಿನ ಫ್ರೇಮ್ ನಡುವಲ್ಲಿ ಜಗ್ಗಿದೆ. ಎರಡಕ್ಕೂ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಸ್ಟಾಪರ್ ಆದರೆ ಲೋಹಕ್ಕೆ ಲೋಹ ಬಡಿದ ಹಾಗೆ ಒಂದೇ ಕಡೆ ಟಕ್ ಅನ್ನುತ್ತದೆ, ಇನ್ನೊಂದು ತುದಿ ಆರಾಮವಾಗಿ ಏಳುತ್ತದೆ. ಫ್ರೇಮ್ ಜಗ್ಗಿದ್ದರೆ ನಿಲ್ಲುವಾಗ ಸ್ವಲ್ಪ ಮೆತ್ತಗೆ, ಸ್ಪ್ರಿಂಗಿನ ಹಾಗೆ ಅನಿಸುತ್ತದೆ. ಕಿಟಕಿಯ ನಡುವೆ ಕಡಿಮೆ, ಬದಿಗೆ ಜಾಸ್ತಿ ಏಳುತ್ತದೆ.

ನಾಳೆ ಒಂದು ಕೆಲಸ ಮಾಡಿ. ತಮ್ಮ ಒಂದೊಂದೇ ತುದಿ ಎತ್ತಲಿ. ನೀವು ಸ್ಕೇಲ್ ಹಿಡಿದು ಎಡತುದಿ ಎಷ್ಟು ಎದ್ದಿತು, ಬಲತುದಿ ಎಷ್ಟು ಎದ್ದಿತು ಅಂತ ಬರೆದುಕೊಳ್ಳಿ. ಆಮೇಲೆ ಖಾಲಿ ಇರುವ ಕಡೆ ಟ್ರ್ಯಾಕಿನ ಹಳಿ ಎಷ್ಟು ಎತ್ತರ ಇದೆ, ಶಟರಿನ ಕೆಳ ಅಂಚು ಟ್ರ್ಯಾಕಿನ ತಳದಿಂದ ಎಷ್ಟು ಮೇಲಿದೆ ನೋಡಿ. ಅವೆರಡರ ವ್ಯತ್ಯಾಸದಷ್ಟು ಹಳಿಯನ್ನು ಶಟರ್ ನುಂಗಿಕೊಂಡಿದೆ. ಏಳುವುದು ಅದಕ್ಕಿಂತ ಜಾಸ್ತಿ ಇದ್ದರೆ ಶಟರ್ ಹೊರಗೆ ಬರುತ್ತದೆ. ಅಲ್ಲಿವರೆಗೆ ಹಾರೆ ಹಿಡಿಯಬೇಡಿ.

ಪೆರ್ಲದ ಭಾವ
ಮಾಮ, ಇಷ್ಟೆಲ್ಲ ಅಳತೆ ಯಾಕೆ? ಶಟರಿನ ಬದಿಯಲ್ಲಿ ಕೆಳಗೆ ಒಂದು ತೂತು ಇರುತ್ತದೆ, ಒಳಗೆ ಸ್ಕ್ರೂ. ಅದನ್ನು ಸಡಿಲ ಮಾಡಿದರೆ ಬೇರಿಂಗ್ ಮೇಲೆ ಹೋಗುತ್ತದೆ, ಶಟರ್ ಕೆಳಗೆ ಇಳಿಯುತ್ತದೆ, ಮೇಲೆ ಜಾಗ ಸಿಗುತ್ತದೆ. ಬೆಂಗಳೂರಲ್ಲಿ ನನ್ನ ಮಗನ ಫ್ಲ್ಯಾಟ್‌ನಲ್ಲಿ ಹಾಗೇ ತೆಗೆದದ್ದು.

ಉಪ್ಪಳ ಮಾಮ
ಭಾವ, ಅರ್ಧ ಸರಿ. ಶಟರ್ ಅರ್ಧ ಸೆಂಟಿಮೀಟರ್ ಇಳಿದರೆ ಮೇಲೆ ಅಷ್ಟು ಜಾಗ ಸಿಕ್ಕಿತು, ಹೌದು. ಆದರೆ ಕೆಳಗೆ ಹಳಿಯನ್ನೂ ಅಷ್ಟೇ ಜಾಸ್ತಿ ನುಂಗಿತಲ್ಲ? ಶಟರಿನ ಎತ್ತರ ಬದಲಾಗಲಿಲ್ಲ, ಕಿಟಕಿಯ ಎತ್ತರವೂ ಬದಲಾಗಲಿಲ್ಲ. ಲೆಕ್ಕ ಅಲ್ಲಿಗೇ ಬಂತು. ಬೇರಿಂಗ್ ಶಟರಿನ ಅಂಚಿಗಿಂತ ಕೆಳಗೆ ನೇತಾಡುತ್ತಿದ್ದರೆ, ಎಷ್ಟು ನೇತಾಡುತ್ತದೋ ಅಷ್ಟು ಮಾತ್ರ ಲಾಭ. ಮಗನ ಫ್ಲ್ಯಾಟ್‌ನಲ್ಲಿ ಹಾಗೆ ಇದ್ದಿರಬೇಕು. ಅಲ್ಲದೆ ನಮ್ಮ ಕಡೆಯ ಆ ಕಾಲದ ಸಾದಾ ಸೆಕ್ಷನ್ ಕಿಟಕಿಗಳಲ್ಲಿ ಜಾಸ್ತಿಯವಕ್ಕೆ ಆ ಸ್ಕ್ರೂ ಇರುವುದೇ ಇಲ್ಲ. ಬೇರಿಂಗನ್ನು ಕೆಳಗಿನ ಸೆಕ್ಷನ್ ಒಳಗೆ ತುರುಕಿರುತ್ತಾರೆ, ಅಷ್ಟೆ.

ಪೆರ್ಲದ ಭಾವ
ಇರಬಹುದು. ತೆಂಗಿನೆಣ್ಣೆ ವಿಷಯದಲ್ಲಿ ಮಾತ್ರ ನಾನು ಸೋಲುವುದಿಲ್ಲ.

ಹೊಸೂರು ಮಂಜು
ಇಲ್ಲಿ ಹೊಸೂರಿನಲ್ಲಿ ತುಕ್ಕಿನ ಸಮಸ್ಯೆ ಅಷ್ಟಿಲ್ಲ, ಧೂಳಿನದ್ದು. ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ಎರಡು ದಿನ ಚೆನ್ನಾಗಿ ಓಡುತ್ತದೆ, ಆಮೇಲೆ ಧೂಳು ಅದಕ್ಕೇ ಅಂಟಿ ಮೊದಲಿಗಿಂತ ಕಷ್ಟ. ಎಣ್ಣೆಯೂ ಹಾಗೇ ಅಲ್ವಾ ಭಾವ?

ಪೆರ್ಲದ ಭಾವ
ನಿಮ್ಮ ಧೂಳು ಬೇರೆ, ನಮ್ಮ ಧೂಳು ಬೇರೆ.

ಮುಳ್ಳೇರಿಯ ಹಳಬ
ಇದಕ್ಕೇ ನಾನು ಮರದ ಕಿಟಕಿ ಬಿಡಲಿಲ್ಲ. ಹಲಸಿನ ಮರದ ಚೌಕಟ್ಟು, ಅಜ್ಜ ಹಾಕಿಸಿದ್ದು. ಬೇರಿಂಗ್ ಇಲ್ಲ, ಟ್ರ್ಯಾಕ್ ಇಲ್ಲ, ಎರಡು ತಿರುಗಣಿ. ಮುರಕಲ್ಲಿನ ಗೋಡೆ, ಮರದ ಕಿಟಕಿ, ಮುಗಿಯಿತು.

ಮಂಜೇಶ್ವರ ಅಕ್ಕ
ಮಳೆಗಾಲದಲ್ಲಿ ಆ ಮರದ ಬಾಗಿಲು ಉಬ್ಬಿ ಮುಚ್ಚಲು ಬರುವುದಿಲ್ಲ, ಅದನ್ನೂ ಹೇಳಿ ಹಳಬರೇ.

ಮುಳ್ಳೇರಿಯ ಹಳಬ
ನಾಲ್ಕು ತಿಂಗಳು ಮಾತ್ರ.

ಕಡಲಮನೆ · ಮೇ 12
ಅಳೆದೆ. ಎಡತುದಿ 11 ಮಿಲಿಮೀಟರ್ ಏಳುತ್ತದೆ. ಬಲತುದಿ 4 ಮಾತ್ರ, ಅಲ್ಲೇ ಟಕ್. ಹಳಿ 12 ಮಿಲಿಮೀಟರ್ ಎತ್ತರ, ಶಟರಿನ ಅಂಚು ತಳದಿಂದ 4 ಮೇಲಿದೆ. ಅಂದರೆ 8 ನುಂಗಿದೆ. ಎಡತುದಿ ಬರುತ್ತದೆ, ಬಲತುದಿ ಬರುವುದಿಲ್ಲ. ಆದರೆ ಸ್ಟಾಪರ್ ಎಲ್ಲೂ ಕಾಣುವುದಿಲ್ಲ ಮಾಮ. ಟಾರ್ಚ್ ಹಾಕಿ ನೋಡಿದೆ.

ಉಪ್ಪಳ ಮಾಮ
ನೆಟ್ ತೆಗೆದು ನೋಡಿದಿರಾ?

ಕಡಲಮನೆ
ಇಲ್ಲ. ನೆಟ್ ಚೆನ್ನಾಗಿ ಓಡುತ್ತಿದೆಯಲ್ಲ ಅಂತ ಬಿಟ್ಟೆ.

ಉಪ್ಪಳ ಮಾಮ
ಅದನ್ನು ಹೇಗೂ ತೆಗೆಯಲೇಬೇಕು. ಗ್ರಿಲ್ ಹೊರಗಿದೆ, ಹಾಗಾಗಿ ಎಲ್ಲ ಶಟರೂ ಕೋಣೆಯ ಒಳಗೇ ಬರಬೇಕು. ಒಳಗಿನ ಟ್ರ್ಯಾಕ್ ಖಾಲಿ ಆಗದೆ ನಡುವಿನದರ ಬುಡ ನಿಮ್ಮ ಕಡೆಗೆ ಬರುವುದಿಲ್ಲ. ನೆಟ್ ಹಗುರ, ಒಬ್ಬರೇ ಎತ್ತಿ ಬುಡವನ್ನು ಎಳೆದರೆ ಬರುತ್ತದೆ.

ಆಮೇಲೆ ಮೇಲಿನ ಚಾನಲ್ ನೋಡಿ. ಎರಡು ಟ್ರ್ಯಾಕಿನ ನಡುವೆ ಕೆಳಗೆ ಇಳಿದ ಒಂದು ತೆಳ್ಳಗಿನ ಪಟ್ಟಿ ಇರುತ್ತದೆ. ಕೆಲವರು ಸ್ಟಾಪರ್ ತುಂಡು ಇಡುವ ಬದಲು ಆ ಪಟ್ಟಿಗೆ ಅಡ್ಡಕ್ಕೆ ಒಂದು ಸ್ಕ್ರೂ ಹೊಡೆದುಬಿಡುತ್ತಾರೆ. ಸ್ಕ್ರೂವಿನ ತುದಿ ನಡುವಿನ ಚಾನಲ್ ಒಳಗೆ, ಶಟರಿನ ತಲೆಯ ಮೇಲೆ ಚಾಚಿರುತ್ತದೆ. ಅದರ ತಲೆ ನೆಟ್ ಓಡುವ ಚಾನಲಿನಲ್ಲಿ ಇರುತ್ತದೆ. ನೆಟ್ ಇರುವಾಗ ದೇವರಿಗೂ ಕಾಣುವುದಿಲ್ಲ. ಬಲತುದಿಯಿಂದ ಒಂದು ಗೇಣಿನ ಒಳಗೆ ಹುಡುಕಿ.

ಕಡಲಮನೆ
ಸಿಕ್ಕಿತು!! ಬಲಬದಿಯಿಂದ ಅಂಗೈ ಅಗಲ ಬಿಟ್ಟು. ಪೈಂಟ್ ಮಾಡಿದವರು ಅದರ ಮೇಲೆ ಬಿಳಿ ಬಣ್ಣ ಬಳಿದಿದ್ದಾರೆ. ಕೆರೆದಾಗ ಕಬ್ಬಿಣದ ಸ್ಕ್ರೂ, ಪೂರ್ತಿ ತುಕ್ಕು. ಸ್ಕ್ರೂ ಡ್ರೈವರ್ ಇಟ್ಟು ತಿರುಗಿಸಿದೆ, ತಲೆಯ ಗೀರು ಸವೆದುಹೋಯಿತು.

ಉಪ್ಪಳ ಮಾಮ
ತಲೆ ಪಟ್ಟಿಯಿಂದ ಸ್ವಲ್ಪ ಎದ್ದು ನಿಂತಿದೆಯಾ? ಇದ್ದರೆ ಕಟಿಂಗ್ ಪ್ಲೇಯರಿನಲ್ಲಿ ಬಿಗಿಯಾಗಿ ಹಿಡಿದು ಮೊದಲು ಸ್ವಲ್ಪ ಬಿಗಿ ಮಾಡುವ ಕಡೆಗೆ ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ. ತುಕ್ಕು ಬಿಡಿಸುವ ಸ್ಪ್ರೇ ಇಲ್ಲಿ ಹೊಡೆಯಿರಿ, ಟ್ರ್ಯಾಕಿಗಲ್ಲ. ಅರ್ಧ ಗಂಟೆ ಬಿಡಿ. ಆಗಲಿಲ್ಲ ಅಂದರೆ ಹ್ಯಾಕ್ಸಾ ಬ್ಲೇಡನ್ನೇ ಬಟ್ಟೆ ಸುತ್ತಿ ಕೈಯಲ್ಲಿ ಹಿಡಿದು ತಲೆ ಕೊಯ್ಯಿರಿ. ಆದರೆ ತಲೆ ಹೋದರೂ ಉಳಿದ ತುಂಡು ಆ ಕಡೆ ಚಾಚಿಕೊಂಡೇ ಇರುತ್ತದೆ. ಅದನ್ನು ಡ್ರಿಲ್ ಹಾಕಿಯೇ ತೆಗೆಯಬೇಕು. ಹಾಗಾಗಿ ಪ್ಲೇಯರಿನಲ್ಲಿ ತಾಳ್ಮೆಯಿಂದ ನೋಡಿ.

ಮಂಜೇಶ್ವರ ಅಕ್ಕ
ನಡುವೆ ಬಾಯಿ ಹಾಕುತ್ತೇನೆ. ನಮ್ಮಲ್ಲಿ ಇದೇ ತೊಂದರೆ, ಆದರೆ ಶಟರ್ ಪೂರ್ತಿ ಮುಚ್ಚಿದ ಸ್ಥಿತಿಯಲ್ಲಿ ಜಾಮ್. ಹೇಗೆ ಎತ್ತಿದರೂ ಬುಡ ಈಚೆ ಬರುವುದಿಲ್ಲ. ನಮಗೂ ಸ್ಕ್ರೂ ಇರಬಹುದಾ?

ಉಪ್ಪಳ ಮಾಮ
ಅಕ್ಕ, ನಿಮ್ಮದು ಬೇರೆ ಕಥೆ. ಪೂರ್ತಿ ಮುಚ್ಚಿದಾಗ ಶಟರ್ ಎರಡು ಕಡೆ ಸಿಕ್ಕಿಕೊಂಡಿರುತ್ತದೆ. ನಡುವೆ ಎರಡು ಶಟರ್ ಕೊಕ್ಕೆ ಹಾಕಿಕೊಂಡ ಹಾಗೆ ಒಂದಕ್ಕೊಂದು ಕೂತಿರುತ್ತವೆ, ಅದೇ ಇಂಟರ್‌ಲಾಕ್. ಅದನ್ನು ಬಿಡಿಸಲು ಜಾಮ್ ಆದ ಶಟರನ್ನೇ ಸರಿಸಬೇಕೆಂದಿಲ್ಲ. ಇನ್ನೊಂದು ಶಟರ್ ಓಡುತ್ತದಲ್ಲ, ಅದನ್ನು ಸರಿಸಿದರೂ ಬಿಡುತ್ತದೆ. ಇದು ತುಂಬ ಜನರಿಗೆ ಹೊಳೆಯುವುದಿಲ್ಲ.

ಆದರೆ ಗೋಡೆ ಕಡೆಯ ಬದಿ ಫ್ರೇಮಿನ ಒಳಗೆ ಹೊಕ್ಕಿರುತ್ತದೆ. ಅದಕ್ಕೆ ಉಪಾಯ ಇಲ್ಲ, ಸುಮಾರು ಒಂದು ಇಂಚು ಈಚೆಗೆ ತರಲೇಬೇಕು. ಹಿಡಿ ಇರುವ ಎತ್ತರದಲ್ಲಿ ದೂಡಬೇಡಿ. ಹಾಗೆ ದೂಡಿದರೆ ಶಟರ್ ಮುಂದಕ್ಕೆ ಮುಗ್ಗರಿಸಿ ಜಾಮ್ ಆದ ಬೇರಿಂಗಿನ ಮೇಲೇ ಭಾರ ಬೀಳುತ್ತದೆ. ಒಬ್ಬರು ಜಾಮ್ ಆದ ತುದಿಯ ಕೆಳಗೆ ಚಪ್ಪಟೆ ಪಟ್ಟಿ ತೂರಿಸಿ, ಅದರ ಅಡಿಗೆ ಮರದ ತುಂಡು ಇಟ್ಟು, ಮೂರು ನಾಲ್ಕು ಮಿಲಿಮೀಟರ್ ಎತ್ತಿ ಹಿಡಿಯಲಿ. ಇನ್ನೊಬ್ಬರು ಶಟರಿನ ಬುಡದಲ್ಲಿ, ಕೆಳಮೂಲೆಯ ಹತ್ತಿರ ದೂಡಲಿ. ಪಟ್ಟಿಯನ್ನು ಹಳಿಗೆ ಊರಬೇಡಿ. ಹಳಿ ತೆಳು, ಒಮ್ಮೆ ಬಗ್ಗಿದರೆ ಹೊಸ ಬೇರಿಂಗ್ ಹಾಕಿದರೂ ಅಲ್ಲಿಗೆ ಬಂದಾಗ ಕುಂಟುತ್ತದೆ.

ಮಂಜೇಶ್ವರ ಅಕ್ಕ
ಜಾಮ್ ಆದ ತುದಿ ಯಾವುದು ಅಂತ ಗೊತ್ತಾಗುವುದು ಹೇಗೆ? ಎರಡೂ ಕಡೆ ಬೇರಿಂಗ್ ಇದೆಯಲ್ಲ.

ಉಪ್ಪಳ ಮಾಮ
ಹಳಿಯೇ ಹೇಳುತ್ತದೆ. ತಿರುಗುವ ಚಕ್ರ ಓಡಿದ ಜಾಗ ಮಂಕಾಗಿ, ಕಪ್ಪಗೆ ಇರುತ್ತದೆ. ತಿರುಗದೆ ಎಳೆದುಕೊಂಡು ಹೋದ ಜಾಗ ಬೆಳ್ಳಿಯ ಹಾಗೆ ಹೊಳೆಯುತ್ತದೆ, ಪಕ್ಕದಲ್ಲಿ ಬೂದು ಪುಡಿ ಬಿದ್ದಿರುತ್ತದೆ.

ಹೊಸೂರು ಮಂಜು
ಇದು ಒಳ್ಳೆಯ ಗುರುತು. ಈಗಷ್ಟೇ ನಮ್ಮ ಕಿಟಕಿ ನೋಡಿ ಬಂದೆ. ನಮ್ಮದೂ ಹೊಳೆಯುತ್ತಿದೆ. ಹಾಳಾಯಿತು.

ಕಡಲಮನೆ
ಸ್ಕ್ರೂ ಬಂತು. ಮಾಮ ಹೇಳಿದ ಹಾಗೆ ಪ್ಲೇಯರ್, ಸ್ಪ್ರೇ, ಅರ್ಧ ಗಂಟೆ. ಬೆರಳಲ್ಲಿ ಗುಳ್ಳೆ ಎದ್ದಿದೆ. ಈಗ ಎರಡೂ ತುದಿ 11 ಏಳುತ್ತದೆ. ಈಗಲೇ ತೆಗೆಯುತ್ತೇವೆ.

ಬದಿಯಡ್ಕ ಟೀಚರ್
ದಯವಿಟ್ಟು ಒಂದು ನಿಮಿಷ ನಿಲ್ಲಿ!

ನಮ್ಮ ಮನೆಯಲ್ಲಿ ಆದದ್ದು ಹೇಳುತ್ತೇನೆ. ಎರಡು ವರ್ಷ ಹಿಂದೆ ಯಜಮಾನರು ಮತ್ತು ನನ್ನ ಅಣ್ಣ ಸೇರಿ ಇದೇ ತರಹದ ಶಟರ್ ತೆಗೆದರು. ಇಬ್ಬರೂ ಎರಡು ಬದಿಯ ಪಟ್ಟಿ ಹಿಡಿದು ಎತ್ತಿದರು. ಎತ್ತಿದ್ದು ಬದಿಯ ಪಟ್ಟಿಗಳು ಮಾತ್ರ. ಕೆಳಗಿನ ಅಡ್ಡ ಪಟ್ಟಿ ಟ್ರ್ಯಾಕಿನಲ್ಲೇ ಉಳಿಯಿತು. ಗಾಜು ಕೆಳಗೆ ಜಾರಿ ಅಣ್ಣನ ಕಾಲಿನ ಮೇಲೆ ಬಿತ್ತು. ಏಳು ಹೊಲಿಗೆ. ಮೂಲೆಯ ಸ್ಕ್ರೂಗಳು ತುಕ್ಕು ಹಿಡಿದು ಒಳಗೇ ತುಂಡಾಗಿದ್ದವು. ಹೊರಗಿಂದ ಏನೂ ಗೊತ್ತಾಗಿರಲಿಲ್ಲ.

ಉಪ್ಪಳ ಮಾಮ
ಟೀಚರ್ ಹೇಳಿದ್ದು ನಾನು ಮೊದಲೇ ಹೇಳಬೇಕಾಗಿತ್ತು. ತಪ್ಪು ನನ್ನದು.

ಶಟರ್ ಅಂದರೆ ನಾಲ್ಕು ತುಂಡನ್ನು ಮೂಲೆಯಲ್ಲಿ ಸ್ಕ್ರೂ ಹಾಕಿ ಸೇರಿಸಿದ್ದು. ಗಾಜಿನ ಭಾರ ಎಲ್ಲ ಕೆಳಗಿನ ತುಂಡಿನ ಮೇಲೆ. ಟ್ರ್ಯಾಕಿನಲ್ಲಿ ಕೂತಿರುವಾಗ ಕೆಳಗಿನ ಸ್ಕ್ರೂಗಳಿಗೆ ಕೆಲಸವೇ ಇಲ್ಲ. ಹಾಗಾಗಿ ಸತ್ತರೂ ಗೊತ್ತಾಗುವುದಿಲ್ಲ. ಬೇರಿಂಗನ್ನು ಯಾವ ಉಪ್ಪುನೀರು ಕೊಂದಿದೆಯೋ, ಆ ಸ್ಕ್ರೂಗಳೂ ಅದೇ ನೀರಿನಲ್ಲಿ ಇದ್ದವು. ಕಬ್ಬಿಣದ ಸ್ಕ್ರೂ, ಅಲ್ಯೂಮಿನಿಯಂ, ಉಪ್ಪುನೀರು ಮೂರೂ ಒಟ್ಟಿಗೆ ಸೇರಿದರೆ ಎರಡು ಲೋಹವೂ ಹಾಳು.

ಕೆಳಗಿನ ಎರಡು ಮೂಲೆ ನೋಡಿ. ಅಡ್ಡ ಪಟ್ಟಿಗೂ ನೇರ ಪಟ್ಟಿಗೂ ನಡುವೆ ಕೂದಲೆಳೆಗಿಂತ ಜಾಸ್ತಿ ಸಂದು ಇದೆಯಾ? ಮೂಲೆಯಲ್ಲಿ ಬಿಳಿ ಪುಡಿ, ಕೆಂಪು ನೀರಿನ ಕಲೆ ಇದೆಯಾ? ತಮ್ಮ ಒಂದು ತುದಿ ಎತ್ತುವಾಗ ಆ ಸಂದು ದೊಡ್ಡದಾಗುತ್ತದಾ?

ಕಡಲಮನೆ
ಬಲಮೂಲೆಯಲ್ಲಿ ಉಗುರು ಹೋಗುವಷ್ಟು ಸಂದು ಇದೆ. ಎತ್ತಿದರೆ ಜಾಸ್ತಿಯಾಗುತ್ತದೆ. ಟೀಚರ್, ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ.

ಬದಿಯಡ್ಕ ಟೀಚರ್
ಥ್ಯಾಂಕ್ಸ್ ಬೇಡ, ಕಾಲಿಗೆ ಶೂ ಹಾಕಿಕೊಳ್ಳಿ. ಚಪ್ಪಲಿ ಅಲ್ಲ.

ಉಪ್ಪಳ ಮಾಮ
ಗಾಜು ಎಷ್ಟು ದಪ್ಪ?

ಕಡಲಮನೆ
ಬಿಲ್ಲಿನಲ್ಲಿ 5 ಎಂಎಂ ಅಂತಿದೆ. ಸಾದಾ ಗಾಜು.

ಉಪ್ಪಳ ಮಾಮ
5 ಮಿಲಿಮೀಟರ್ ಗಾಜು ಒಂದು ಚದರ ಮೀಟರಿಗೆ ಹನ್ನೆರಡೂವರೆ ಕಿಲೋ. ನಿಮ್ಮ ಶಟರ್ ಮೂರು ಅಡಿಗೆ ನಾಲ್ಕು ಅಡಿ, ಒಂದು ಚದರ ಮೀಟರಿಗಿಂತ ಸ್ವಲ್ಪ ಜಾಸ್ತಿ. ಗಾಜು ಒಂದೇ ಹದಿಮೂರು ಹದಿನಾಲ್ಕು ಕಿಲೋ, ಅಲ್ಯೂಮಿನಿಯಂ ಸೇರಿದರೆ ಹದಿನೇಳರ ಹತ್ತಿರ. ಭಾರ ದೊಡ್ಡದಲ್ಲ. ಆದರೆ ಸಾದಾ ಗಾಜು ಒಡೆದರೆ ಕತ್ತಿಯ ಹಾಗೆ ಉದ್ದುದ್ದ ಸೀಳು. ಅಗಲದ ಅಂಟು ಟೇಪನ್ನು ಗಾಜಿನ ಎರಡೂ ಕರ್ಣಕ್ಕೆ ಹಚ್ಚಿ. ಅದು ಒಡೆಯುವುದನ್ನು ತಡೆಯುವುದಿಲ್ಲ, ಒಡೆದರೆ ಚೂರು ಹಾರದ ಹಾಗೆ ಹಿಡಿಯುತ್ತದೆ, ಅಷ್ಟೆ.

ಈಗ ಮುಖ್ಯ ಕೆಲಸ. ಕೆಳಗಿನ ಪಟ್ಟಿ ಬಿಟ್ಟುಹೋಗದ ಹಾಗೆ ಶಟರನ್ನು ಕಟ್ಟಬೇಕು. ಒಂದು ತುದಿ ಸ್ವಲ್ಪ ಎತ್ತಿ ಕೆಳಗಿನಿಂದ ನೈಲಾನ್ ಹಗ್ಗ ತೂರಿಸಲು ನೋಡಿ. ಟ್ರ್ಯಾಕಿನಲ್ಲಿ ಜಾಗ ಇಲ್ಲ ಅಂದರೆ ಬಿಡಿ. ಆಗ ಎತ್ತುವುದು ಕೆಳಗಿನ ಪಟ್ಟಿಯಿಂದಲೇ ಆಗಬೇಕು. ಎರಡು ತುದಿಯ ಅಡಿಗೂ ಮರದ ಸಲಾಕೆ ತೂರಿಸಿ. ಅಡಿಕೆ ಸಲಾಕೆ ಆದರೆ ತುಂಬ ಒಳ್ಳೆಯದು, ತೆಳುವಾಗಿ ಸೀಳಬಹುದು, ಬಾಗುತ್ತದೆ ಆದರೆ ಮುರಿಯುವುದಿಲ್ಲ. ಮೂರು ಜನ ಬೇಕು. ಇಬ್ಬರು ಸಲಾಕೆಯಲ್ಲಿ ಬುಡ ಎಬ್ಬಿಸುವುದು. ಮೂರನೆಯವರು ಎರಡು ಕೈ ಗಾಜಿನ ಮೇಲೆ ಅಗಲಕ್ಕೆ ಇಟ್ಟು ಶಟರನ್ನು ನೇರ ಹಿಡಿಯುವುದು.

ಬುಡ ಹಳಿಯಿಂದ ಮೇಲೆ ಬಂದ ಕೂಡಲೇ ಒಂದು ಅಂಗೈಯಷ್ಟು ನಿಮ್ಮ ಕಡೆಗೆ ತಂದು, ಕಿಟಕಿಯ ದಂಡೆಯ ಮೇಲೆ ದಪ್ಪ ಗೋಣಿ ಹಾಕಿ ಅದರ ಮೇಲೆ ಕೂರಿಸಿ. ತಲೆ ಇನ್ನೂ ಮೇಲಿನ ಚಾನಲ್ ಹತ್ತಿರವೇ ಇರುತ್ತದೆ. ಈಗ ಅಡಿಯಲ್ಲಿ ಜಾಗ ಸಿಕ್ಕಿತು, ಹಗ್ಗ ಸುತ್ತಿ ಬಿಗಿಯಿರಿ. ಮೇಲಿನಿಂದ ಕೆಳಗೆ ಎರಡು ಸುತ್ತು. ಆಮೇಲೆ ಮಾತ್ರ ದಂಡೆಯಿಂದ ಕೆಳಗೆ ಇಳಿಸಿ. ಮಲಗಿಸಿ ಹೊರಬೇಡಿ, ನೇರ ನಿಲ್ಲಿಸಿಯೇ ಒಯ್ಯಿರಿ.

ತಾಳವಾಡಿ ರಾಜು
ಸಾರ್, ಆ ಗಾಜಿಗೆ ಅಂಟುವ ಹಿಡಿಕೆ ಸಿಗುತ್ತದಲ್ಲ, ರಬ್ಬರ್ ಕಪ್. ಅದು ಇದ್ದರೆ ಆರಾಮ ಅಲ್ವಾ?

ಉಪ್ಪಳ ಮಾಮ
ಗಟ್ಟಿ ಶಟರಿಗೆ ಆರಾಮ. ಇಲ್ಲಿ ಮೂಲೆ ಬಿಟ್ಟಿದೆ. ಅದರಲ್ಲಿ ಎತ್ತಿದರೆ ಗಾಜು ಬರುತ್ತದೆ, ಫ್ರೇಮ್ ಅಲ್ಲೇ ಉಳಿಯಬಹುದು. ಧೂಳಿನ ಗಾಜಿಗೆ ಅದು ಹಿಡಿಯುವುದೂ ಇಲ್ಲ. ಒರೆಸಿದ ಗಾಜಿಗೆ ಮಾತ್ರ.

ಪೆರ್ಲದ ಭಾವ
ಇಷ್ಟು ಅಪಾಯ ಇದ್ದರೆ ಫ್ಯಾಬ್ರಿಕೇಶನ್‌ನವರನ್ನೇ ಕಾಯುವುದು ಒಳ್ಳೆಯದಲ್ವಾ?

ಕಡಲಮನೆ
ಭಾವ, ಅವರನ್ನು ಕಾಯುವುದಕ್ಕಿಂತ ಮಳೆ ನಿಲ್ಲುವುದನ್ನು ಕಾಯುವುದು ಸುಲಭ.

ಮುಳ್ಳೇರಿಯ ಹಳಬ
ಎರಡು ತಿರುಗಣಿ ಸಾಕಿತ್ತು.

ಕಡಲಮನೆ · ಮೇ 14, ಸಂಜೆ
ಹೊರಗೆ ಬಂತು! ನಾನು, ತಮ್ಮ, ಪಕ್ಕದ ಮನೆಯ ಅಬ್ದುಲ್ಲಾಕ. ಸಲಾಕೆ ತೋಟದಲ್ಲೇ ಇತ್ತು. ಹತ್ತು ನಿಮಿಷದ ಕೆಲಸ, ಆದರೆ ಹತ್ತು ನಿಮಿಷ ಯಾರೂ ಉಸಿರಾಡಲಿಲ್ಲ. ಬುಡ ಎದ್ದಾಗ ಬಲಮೂಲೆಯ ಸಂದು ಅರ್ಧ ಬೆರಳಷ್ಟು ಬಾಯಿ ಬಿಟ್ಟಿತು. ಬದಿಯ ಪಟ್ಟಿ ಹಿಡಿದು ಎತ್ತಿದ್ದರೆ ಟೀಚರ್ ಮನೆಯ ಕಥೆಯೇ ಆಗುತ್ತಿತ್ತು. ಗೋಣಿಯ ಮೇಲೆ ಕೂರಿಸಿ ಹಗ್ಗ ಬಿಗಿದು ಇಳಿಸಿದೆವು.

ಬಲಗಡೆಯ ಬೇರಿಂಗ್ ನೋಡಬೇಕಿತ್ತು. ತುಕ್ಕಿನ ಉಂಡೆ. ಚಕ್ರ ಒಂದು ಕಡೆ ಸವೆದು ಚಪ್ಪಟೆಯಾಗಿದೆ, ನಾಣ್ಯ ಅರೆದ ಹಾಗೆ. ಎಡಗಡೆಯದು ಇನ್ನೂ ತಿರುಗುತ್ತದೆ. ಟ್ರ್ಯಾಕಿನ ತಳದಲ್ಲಿ ಕೆಂಪು ಮಣ್ಣು ಗಟ್ಟಿಯಾಗಿ ಇಟ್ಟಿಗೆಯ ಹಾಗೆ ಕೂತಿತ್ತು. ಅದನ್ನು ಕೆರೆದಾಗ ಹೊರಗಡೆ ನೀರು ಹೋಗುವ ಎರಡು ತೂತು ಸಿಕ್ಕಿತು. ಒಂದರೊಳಗೆ ಸಿಮೆಂಟ್! ಅಂದರೆ ಮನೆ ಕಟ್ಟಿದ ದಿನದಿಂದಲೇ ಮುಚ್ಚಿತ್ತು.

ಉಪ್ಪಳ ಮಾಮ
ಅಲ್ಲೇ ರೋಗದ ಮೂಲ. ನೀರು ಹೋಗದೆ ಪ್ರತಿ ಮಳೆಗಾಲ ಬೇರಿಂಗ್ ಸ್ನಾನ ಮಾಡುತ್ತಿತ್ತು. ತೂತನ್ನು ಹಳೆಯ ಕೊಡೆಯ ಕಡ್ಡಿಯಲ್ಲಿ ಚುಚ್ಚಿ ಬಿಡಿಸಿ. ಆಮೇಲೆ ಟ್ರ್ಯಾಕಿಗೆ ಒಂದು ಚೊಂಬು ನೀರು ಹಾಕಿ ನೋಡಿ, ನಿಲ್ಲದೆ ಹೊರಗೆ ಹೋಗಬೇಕು.

ಒಂದೇ ಬೇರಿಂಗ್ ಬದಲಿಸಬೇಡಿ, ಎರಡೂ ಬದಲಿಸಿ. ಹಳೆಯದಕ್ಕೂ ಹೊಸದಕ್ಕೂ ಎತ್ತರ ಸ್ವಲ್ಪ ಬೇರೆಯಾದರೂ ಶಟರ್ ಓರೆಯಾಗಿ ಲಾಕ್ ಕೂರುವುದಿಲ್ಲ. ಹಳೆಯ ಜೋಡಿಯನ್ನು ಅಂಗಡಿಗೆ ಒಯ್ಯಿರಿ, ಬಾಯಲ್ಲಿ ಹೇಳಿ ತರಬೇಡಿ. ಚಪ್ಪಟೆ ಆಗದ ಎಡಗಡೆಯದನ್ನು ತೋರಿಸಿ ಅದರ ಎತ್ತರಕ್ಕೆ ಹೊಂದಿಸಿ. ಮೂಲೆಗೆ ಸ್ಟೈನ್‌ಲೆಸ್ ಸ್ಕ್ರೂ.

ಕಡಲಮನೆ
ತಂದೆ. ನೈಲಾನ್ ಚಕ್ರದ್ದು. ಕಬ್ಬಿಣದ ಚಕ್ರದ್ದೂ ಇತ್ತು, "ಇದು ಗಟ್ಟಿ" ಅಂದರು ಅಂಗಡಿಯವರು.

ಉಪ್ಪಳ ಮಾಮ
ಕಡಲ ಹತ್ತಿರ ನೈಲಾನೇ. ಹಳಿಯನ್ನೂ ಕಡಿಮೆ ತಿನ್ನುತ್ತದೆ. ಒಳಗಿನ ಬೇರಿಂಗ್ ಮಾತ್ರ ಹೇಗೂ ಉಕ್ಕಿನದ್ದೇ, ಅದಕ್ಕೆ ಆಯುಸ್ಸು ಇಷ್ಟೇ ಅಂತ ಹೇಳಲು ಬರುವುದಿಲ್ಲ.

ಹೊಸೂರು ಮಂಜು
ಹೊಳೆಯುವ ಕಡೆ ಹಳಿ ಸವೆದಿರುತ್ತದಲ್ಲ, ಅದಕ್ಕೇನು ಮಾಡುವುದು?

ಉಪ್ಪಳ ಮಾಮ
ಬೆರಳು ಸವರಿ ನೋಡಿ. ಏಣು ಎದ್ದಿದ್ದರೆ ಸಣ್ಣ ಅರದಲ್ಲಿ ಉಜ್ಜಿ ಸಮ ಮಾಡಿ. ಹಳ್ಳವೇ ಬಿದ್ದಿದ್ದರೆ ಚಕ್ರ ಅಲ್ಲಿ ಬಂದು ಕೂರುತ್ತದೆ. ಅದಕ್ಕೆ ನನ್ನಲ್ಲಿ ಮದ್ದಿಲ್ಲ, ಟ್ರ್ಯಾಕ್ ಬದಲಿಸುವುದೆಂದರೆ ಫ್ರೇಮ್ ಕೀಳಬೇಕು.

ಪೆರ್ಲದ ಭಾವ
ಹೊಸ ಬೇರಿಂಗಿಗೆ ಎರಡು ಹನಿ ತೆಂಗಿನೆಣ್ಣೆ…

ಉಪ್ಪಳ ಮಾಮ
ಭಾವ!! ಅದಕ್ಕೆ ಮಣ್ಣು ಹಿಡಿಯುತ್ತದೆ. ಸಿಲಿಕಾನ್ ಸ್ಪ್ರೇ ಸ್ವಲ್ಪ ಹೊಡೆದು ಒರೆಸಿ, ಸಾಕು.

ಪೆರ್ಲದ ಭಾವ
ನಮ್ಮ ಕಿಟಕಿಗಳು ಇವತ್ತಿಗೂ ಓಡುತ್ತಿವೆ. ಬಂದು ನೋಡಿ.

ಉಪ್ಪಳ ಮಾಮ
ಪೆರ್ಲದಲ್ಲಿ ಕಡಲೆಲ್ಲಿದೆ?

ಕಡಲಮನೆ · ಮೇ 17
ಹಾಕಿ ಆಯಿತು. ಮೊದಲು ತಲೆಯನ್ನು ಮೇಲಿನ ಚಾನಲಿಗೆ ತುರುಕಿ, ಆಮೇಲೆ ಬುಡವನ್ನು ಹಳಿಯ ಮೇಲೆ ಇಳಿಸಿದೆವು. ತೆಗೆದದ್ದಕ್ಕಿಂತ ಸುಲಭ. ಸಂಭ್ರಮದಲ್ಲಿ ಒಂದು ತಪ್ಪು ಮಾಡಿದೆವು. ಶಟರನ್ನು ನೆಟ್ಟಿನ ಟ್ರ್ಯಾಕಿಗೆ ಹಾಕಿಬಿಟ್ಟೆವು. ಮುಚ್ಚಿದಾಗ ಇಂಟರ್‌ಲಾಕ್ ಕೂರಲಿಲ್ಲ, ಎರಡು ಶಟರ್ ನಡುವೆ ಹಲ್ಲಿ ಹೋಗುವಷ್ಟು ಸಂದು. ಮತ್ತೆ ಎತ್ತಿ ಸರಿ ಮಾಡಿದೆವು. ಈಗ ಒಂದು ಬೆರಳಲ್ಲಿ ಓಡುತ್ತದೆ.

ಆ ಸ್ಟಾಪರ್ ಸ್ಕ್ರೂ ಮತ್ತೆ ಹಾಕಬೇಕಾ?

ಮಂಜೇಶ್ವರ ಅಕ್ಕ
ಹೊರಗೆ ಗ್ರಿಲ್ ಇದೆಯಲ್ಲ, ಕಳ್ಳ ಹೇಗೆ ಎತ್ತುತ್ತಾನೆ? ಬೇಡ.

ಬದಿಯಡ್ಕ ಟೀಚರ್
ಕಳ್ಳನಿಗಲ್ಲ, ಮಕ್ಕಳಿಗೆ. ಹತ್ತಿ ಜಗ್ಗಿದರೆ ಏಳುತ್ತದೆ. ನಮ್ಮಲ್ಲಿ ಮತ್ತೆ ಹಾಕಿದ್ದೇವೆ.

ಉಪ್ಪಳ ಮಾಮ
ಹಾಕುವುದಾದರೆ ಸ್ಟೈನ್‌ಲೆಸ್ ಹಾಕಿ, ತಲೆಗೆ ಪೈಂಟ್ ಬಳಿಯಲು ಬಿಡಬೇಡಿ. ಎಲ್ಲಿದೆ ಅಂತ ಫ್ರೇಮಿನ ಮೇಲೆ ಪೆನ್ಸಿಲಿನಲ್ಲಿ ಒಂದು ಗುರುತು ಹಾಕಿ.

ಮಂಜೇಶ್ವರ ಅಕ್ಕ
ಮಾಮ, ನಮ್ಮದು ಒಂದು ಇಂಚು ಈಚೆ ಬಂತು. ಆದರೆ ಈಗ ನೋಡಿದರೆ ನಮ್ಮ ಗ್ರಿಲ್ ಕೋಣೆಯ ಒಳಗಡೆ ಇದೆ. ಶಟರ್ ಎಲ್ಲಿಂದ ತೆಗೆಯುವುದು?

ಉಪ್ಪಳ ಮಾಮ
ಎಷ್ಟನೇ ಮಹಡಿ?

ಮಂಜೇಶ್ವರ ಅಕ್ಕ
ಎರಡನೆಯದು.

ಉಪ್ಪಳ ಮಾಮ
ಅಕ್ಕ, ಕೈ ತೆಗೆಯಿರಿ. ಹೊರಗಿನಿಂದಲೇ ತೆಗೆಯಬೇಕು, ಅದಕ್ಕೆ ಅಟ್ಟಣಿಗೆ ಕಟ್ಟಬೇಕು. ಅಥವಾ ಗ್ರಿಲ್ ಸ್ಕ್ರೂವಿನಲ್ಲಿ ನಿಂತಿದೆಯಾ, ಗೋಡೆಗೆ ಹೂತಿದ್ದಾರಾ ನೋಡಿ ಹೇಳಿ. ಒಂದು ಫೋಟೋ ಹಾಕಿ.